ಆರು ಬಟನ್‌ಗಳ ಪ್ರಶ್ನೆ: ಕಲಿಕೆಯ ಹಂತಗಳನ್ನು ನಂಬಬೇಕೇ, ಬಿಡಬೇಕೇ?

ಶಿಕ್ಷಕರಾಗಲು ಓದುತ್ತಿರುವವರಿಗೆ ಈಗ ಒಟ್ಟಿಗೇ ಎರಡು ಮಾತು ಕೇಳಿಸುತ್ತಿವೆ. ಮಕ್ಕಳ ಯೋಚನೆ ವಯಸ್ಸಿನ ಜೊತೆ ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆ ಎಂದವರು ಪಿಯಾಜೆ. ಮಕ್ಕಳ ಬೆಳವಣಿಗೆಯ ತರಗತಿಯಲ್ಲಿ ಅವರ ಆ ನಾಲ್ಕು ಹಂತಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಪರೀಕ್ಷೆಯಲ್ಲೂ ಅವೇ ಬರುತ್ತವೆ. ಆದರೆ ಹೊರಗಿನ ಲೇಖನಗಳಲ್ಲಿ, ಭಾಷಣಗಳಲ್ಲಿ ‘ಹಂತಗಳ ಕಾಲ ಮುಗಿಯಿತು, ಅವು ತಪ್ಪು ಅಂತ ಸಾಬೀತಾಗಿದೆ’ ಎಂಬ ಮಾತು ಓಡಾಡುತ್ತಿದೆ. ಎರಡನ್ನೂ ಕೇಳಿದ ವಿದ್ಯಾರ್ಥಿ ಏನು ಮಾಡಬೇಕು? ಪರೀಕ್ಷೆಗೆ ಒಂದು, ತರಗತಿಗೆ ಇನ್ನೊಂದು ಅಂತ ಇಟ್ಟುಕೊಳ್ಳಬೇಕೇ?

ಈ ಗೊಂದಲಕ್ಕೆ ನಿಜವಾದ ಕಾರಣಗಳಿವೆ. ಅವುಗಳನ್ನು ಬಿಡಿಸಲು ಎಲ್ಲ ಹಂತಗಳ ಪಟ್ಟಿ ಬೇಕಿಲ್ಲ. ಪಠ್ಯಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಒಂದೇ ಒಂದು ಪ್ರಶ್ನೆ ಸಾಕು.

## ಆ ಪ್ರಶ್ನೆ ಹೀಗಿರುತ್ತದೆ

‘ಶಿಕ್ಷಕಿ 5 ವರ್ಷದ ಮಗುವಿನ ಮುಂದೆ ಆರಾರು ಬಟನ್‌ಗಳ ಎರಡು ಸಾಲು ಇಡುತ್ತಾರೆ. ಎರಡೂ ಸಾಲು ಒಂದೇ ಉದ್ದ ಇವೆ. ಎರಡರಲ್ಲೂ ಅಷ್ಟೇ ಬಟನ್ ಇವೆ ಎಂದು ಮಗು ಒಪ್ಪುತ್ತದೆ. ಆಮೇಲೆ ಶಿಕ್ಷಕಿ ಒಂದು ಸಾಲಿನ ಬಟನ್‌ಗಳನ್ನು ದೂರ ದೂರ ಸರಿಸುತ್ತಾರೆ. ಈಗ ಯಾವುದರಲ್ಲಿ ಜಾಸ್ತಿ ಇದೆ ಎಂದು ಕೇಳಿದಾಗ ಮಗು ಉದ್ದದ ಸಾಲನ್ನು ತೋರಿಸುತ್ತದೆ. ಮಗು ಯಾವ ಹಂತದಲ್ಲಿದೆ? ಈ ಮಗುವಿಗೆ ಸೂಕ್ತವಾದ ಚಟುವಟಿಕೆ ಯಾವುದು?’

ಮೊದಲ ಭಾಗದ ಉತ್ತರ ಎಲ್ಲರಿಗೂ ಗೊತ್ತು. ಕಾರ್ಯಪೂರ್ವ ಹಂತ, ಅಂದರೆ ಸುಮಾರು 2ರಿಂದ 7 ವರ್ಷ. ಎರಡನೆಯ ಭಾಗಕ್ಕೆ ಬಹಳಷ್ಟು ಜನ ಬರೆಯುವುದು ‘ಮುಟ್ಟಿ ನೋಡುವ ವಸ್ತುಗಳನ್ನು ಕೊಡಬೇಕು, ಆಟದ ಮೂಲಕ ಕಲಿಸಬೇಕು’ ಎಂದು. ಅಂಕವೂ ಸಿಗುತ್ತದೆ.

ಆದರೆ ಬಟನ್‌ಗಳು ಆಗಲೇ ಮಗುವಿನ ಮುಂದಿವೆ. ವಸ್ತು ಕಣ್ಣೆದುರೇ ಇದ್ದೂ ಉತ್ತರ ತಪ್ಪಾಗಿದೆ. ಹಾಗಿರುವಾಗ ‘ವಸ್ತು ಕೊಡಬೇಕು’ ಎಂಬ ಸಲಹೆಯಿಂದ ನಾಳೆ ಬೆಳಿಗ್ಗೆ ಆ ಶಿಕ್ಷಕಿಗೆ ಏನು ಸಿಕ್ಕಿತು? ಹಂತದ ಹೆಸರು ಬಂದ ಕೂಡಲೇ ಯೋಚನೆ ನಿಂತುಹೋಯಿತು. ತೊಂದರೆ ಶುರುವಾಗುವುದೇ ಇಲ್ಲಿ.

## ಪಿಯಾಜೆ ಏನು ಹುಡುಕುತ್ತಿದ್ದರು

ಜೀನ್ ಪಿಯಾಜೆ (1896–1980) ಸ್ವಿಟ್ಜರ್‌ಲೆಂಡಿನವರು, ಓದಿನಲ್ಲಿ ಜೀವವಿಜ್ಞಾನಿ. ಯುವಕರಾಗಿದ್ದಾಗ ಪ್ಯಾರಿಸ್‌ನಲ್ಲಿ ಮಕ್ಕಳಿಗೆ ತರ್ಕದ ಪರೀಕ್ಷೆ ಕೊಡುವ ಕೆಲಸ ಮಾಡಿದರು. ಸರಿ ಉತ್ತರಗಳನ್ನು ಎಣಿಸುವುದು ಅವರಿಗೆ ವಹಿಸಿದ್ದ ಕೆಲಸ. ಅವರ ಗಮನ ಹೋಗಿದ್ದು ತಪ್ಪು ಉತ್ತರಗಳ ಕಡೆಗೆ. ಒಂದು ವಯಸ್ಸಿನ ಮಕ್ಕಳು ಒಂದೇ ತರಹದ ತಪ್ಪು ಮಾಡುತ್ತಿದ್ದರು. ಇದು ಸುಮ್ನೆ ಆಗುವುದಲ್ಲ, ಈ ತಪ್ಪಿನ ಹಿಂದೆ ಯಾವುದೋ ಲೆಕ್ಕಾಚಾರ ಇರಬೇಕು ಎಂದು ಅವರಿಗೆ ಅನಿಸಿತು.

ಅಲ್ಲಿಂದ ಮುಂದೆ ಅವರು ಮಕ್ಕಳನ್ನು ಮಾತಾಡಿಸುತ್ತಾ ಹೋದರು. ಉತ್ತರ ಬಂದ ಮೇಲೆ ‘ಅದು ಹೇಗೆ?’ ಎಂದು ಕೇಳುತ್ತಿದ್ದರು. ಮಗು ಹೇಳಿದ್ದಕ್ಕೆ ವಿರುದ್ಧವಾದದ್ದನ್ನು ಮುಂದಿಟ್ಟು, ಮಗು ಅಲುಗಾಡುತ್ತದೆಯೇ ಎಂದೂ ನೋಡುತ್ತಿದ್ದರು.

ಬಟನ್ ಸಾಲಿನಂಥ ಪ್ರಯೋಗಕ್ಕೆ ‘ಸಂರಕ್ಷಣೆ’ಯ ಪ್ರಯೋಗ ಎಂದು ಹೆಸರು. ನೋಟ ಬದಲಾದರೂ ಪ್ರಮಾಣ ಬದಲಾಗಿಲ್ಲ ಎಂಬ ತಿಳಿವೇ ಸಂರಕ್ಷಣೆ. ಅದು ಬಂದಿದೆ ಎಂದು ಹೇಳಲು ‘ಎರಡೂ ಒಂದೇ’ ಎಂಬ ಉತ್ತರ ಪಿಯಾಜೆಗೆ ಸಾಲುತ್ತಿರಲಿಲ್ಲ. ಮಗು ಕಾರಣವನ್ನೂ ಕೊಡಬೇಕಿತ್ತು. ಆ ಕಾರಣ ಸಾಮಾನ್ಯವಾಗಿ ಮೂರು ಬಗೆಯದು. ‘ನೀವು ಏನೂ ಹಾಕಲಿಲ್ಲ, ತೆಗೆಯಲೂ ಇಲ್ಲ’ ಎಂಬುದು ಒಂದು. ‘ವಾಪಸ್ ಹತ್ತಿರ ತಂದರೆ ಮೊದಲಿನ ಹಾಗೇ ಆಗುತ್ತೆ’ ಎಂಬುದು ಇನ್ನೊಂದು. ‘ಇದು ಉದ್ದ ಇದೆ, ಆದರೆ ನಡುವೆ ಜಾಗ ಜಾಸ್ತಿ ಇದೆ’ ಎಂಬುದು ಮೂರನೆಯದು.

ಪಿಯಾಜೆ ಪ್ರಕಾರ ಈ ಕಾರಣಗಳನ್ನು ಕೊಡಬಲ್ಲ ಮಗು ಮೂರ್ತ ಕಾರ್ಯಗಳ ಹಂತಕ್ಕೆ, ಅಂದರೆ ಕಣ್ಣೆದುರಿನ ವಸ್ತುಗಳ ಬಗ್ಗೆ ತರ್ಕದಿಂದ ಯೋಚಿಸುವ ಹಂತಕ್ಕೆ ಕಾಲಿಟ್ಟಿದೆ. ಸುಮಾರು 7 ವರ್ಷಕ್ಕೆ ಇದು ಆಗುತ್ತದೆ. ಅಲ್ಲಿಯವರೆಗೆ ಮಗು ಒಂದೇ ಗುಣಕ್ಕೆ ಅಂಟಿಕೊಳ್ಳುತ್ತದೆ. ಉದ್ದ ನೋಡಿದರೆ ಉದ್ದವನ್ನೇ ನೋಡುತ್ತದೆ, ನಡುವಿನ ಜಾಗವನ್ನು ಮರೆಯುತ್ತದೆ.

ಗಮನಿಸಿ, ಇದರಲ್ಲಿ ಪಾಠ ಹೇಗೆ ಮಾಡಬೇಕು ಎಂಬ ಸೂಚನೆ ಇನ್ನೂ ಇಲ್ಲ. ಪಿಯಾಜೆಗೆ ಮಗುವಿನ ತಿಳಿವು ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದು ಮುಖ್ಯವಾಗಿತ್ತು. ಬೆಳವಣಿಗೆಯನ್ನು ಬೇಗ ಮಾಡಿಸುವುದು ಹೇಗೆ ಎಂದು ಅಮೆರಿಕದಲ್ಲಿ ಜನ ಕೇಳುತ್ತಲೇ ಇದ್ದರು. ಅದಕ್ಕೆ ಅವರು ‘ಅಮೆರಿಕದ ಪ್ರಶ್ನೆ’ ಎಂದು ತಮಾಷೆಯಾಗಿ ಹೆಸರಿಟ್ಟಿದ್ದರು. ವಯಸ್ಸು, ಹಂತ, ಚಟುವಟಿಕೆ ಎಂಬ ಮೂರು ಕಾಲಮ್ಮಿನ ಕೋಷ್ಟಕ ಆಮೇಲೆ ಪಾಠ ಯೋಜನೆಗೆಂದು ಬೆಳೆದ ಪದ್ಧತಿ. ಈ ಅಂತರವನ್ನು ಮರೆತಿದ್ದರಿಂದಲೇ ಅರ್ಧ ಜಗಳ ಹುಟ್ಟಿದೆ.

## ಕೇಳಿದ ರೀತಿಯಲ್ಲೇ ತೊಡಕಿತ್ತೇ?

1970ರ ದಶಕದಲ್ಲಿ ಕೆಲವು ಸಂಶೋಧಕರು ಪ್ರಯೋಗವನ್ನೇ ಮಗುವಿನ ಕಡೆಯಿಂದ ನೋಡಿದರು. ಸುಸಾನ್ ರೋಸ್ ಮತ್ತು ಮೇರಿಯನ್ ಬ್ಲ್ಯಾಂಕ್ 1974ರಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರು. ಮೂಲ ಪ್ರಯೋಗದಲ್ಲಿ ‘ಎರಡೂ ಒಂದೇನಾ?’ ಎಂದು ಎರಡು ಸಲ ಕೇಳುತ್ತಾರೆ, ಸರಿಸುವ ಮೊದಲು ಒಮ್ಮೆ, ಸರಿಸಿದ ಮೇಲೆ ಒಮ್ಮೆ. ಇವರು ಮೊದಲ ಪ್ರಶ್ನೆಯನ್ನು ಬಿಟ್ಟು, ಕೊನೆಯಲ್ಲಿ ಮಾತ್ರ ಕೇಳಿದರು. 6 ವರ್ಷದ ಮಕ್ಕಳ ತಪ್ಪುಗಳು ಕಡಿಮೆಯಾದವು.

ಯಾಕೆ? ದೊಡ್ಡವರು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಮೊದಲು ಹೇಳಿದ್ದು ತಪ್ಪಾಯಿತು ಎಂದೇ ಮಕ್ಕಳು ತಿಳಿಯುತ್ತಾರೆ. ಶಾಲೆಯಲ್ಲಿ ಆಗುವುದೂ ಹಾಗೆಯೇ ಅಲ್ವಾ? ‘ಇನ್ನೊಂದು ಸಲ ಯೋಚಿಸು’ ಎಂದರೆ ಉತ್ತರ ಬದಲಿಸು ಅಂತಲೇ ಅರ್ಥ.

ಅದೇ ಸುಮಾರಿಗೆ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇನ್ನೊಂದು ಉಪಾಯ ಮಾಡಿದರು. 4ರಿಂದ 6 ವರ್ಷದ 80 ಮಕ್ಕಳ ಮುಂದೆ ಸಾಲನ್ನು ಸಂಶೋಧಕರು ಕೆಡಿಸಲಿಲ್ಲ, ತುಂಟ ಟೆಡ್ಡಿ ಕರಡಿ ಬಂದು ಕೆಡಿಸಿತು. ಅಂದರೆ ಬದಲಾವಣೆ ಬೇಕಂತಲೇ ಮಾಡಿದ್ದಲ್ಲ, ಆಟದ ನಡುವೆ ಆದ ಅಪಘಾತ. ಈಗ ‘ಒಂದೇ’ ಎಂದು ಸರಿ ಹೇಳಿದ ಮಕ್ಕಳ ಸಂಖ್ಯೆ ಬಹಳ ಏರಿತು. ದೊಡ್ಡವರು ಗಂಭೀರವಾಗಿ ಏನನ್ನಾದರೂ ಬದಲಿಸಿ, ಆಮೇಲೆ ಪ್ರಶ್ನೆ ಕೇಳಿದರೆ ಆ ಬದಲಾವಣೆಯ ಬಗ್ಗೆಯೇ ಕೇಳುತ್ತಿದ್ದಾರೆ ಎಂದು ಮಗು ಊಹಿಸುತ್ತದೆ. ಪ್ರಶ್ನೆಯ ಪದಗಳಿಗಿಂತ ಕೇಳುವವರ ನಡವಳಿಕೆಯನ್ನು ಅದು ಹೆಚ್ಚು ನಂಬುತ್ತದೆ.

‘ಹಂತಗಳು ತಪ್ಪು’ ಎನ್ನುವವರು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅದು ಅರ್ಧ ಕಥೆ. 1986ರಲ್ಲಿ ಕ್ರಿಸ್ ಮೂರ್ ಮತ್ತು ಡಗ್ಲಸ್ ಫ್ರೈ ಎಂಬ ಸಂಶೋಧಕರು ಟೆಡ್ಡಿಯ ಪ್ರಯೋಗಕ್ಕೆ ಒಂದು ಪರೀಕ್ಷೆ ಒಡ್ಡಿದರು. ಕರಡಿ ಬಂದಾಗ ಸಾಲಿನ ಸಂಖ್ಯೆಯೇ ನಿಜವಾಗಿ ಬದಲಾದರೆ? ಆಗ ಟೆಡ್ಡಿ ಮಕ್ಕಳಿಗೆ ನೆರವಾಗಲಿಲ್ಲ. ಸಂಖ್ಯೆ ಬದಲಾದದ್ದೂ ಮಕ್ಕಳ ಗಮನದಿಂದ ತಪ್ಪಿಹೋಗುತ್ತಿತ್ತು. ಹಾಗಾದರೆ ಮೊದಲಿನ ಸರಿ ಉತ್ತರಗಳಲ್ಲಿ ಕೆಲವಾದರೂ ತಿಳಿವಿನಿಂದ ಬಂದದ್ದಲ್ಲ, ಕರಡಿಯ ಮೇಲಿದ್ದ ಗಮನದಿಂದ ಬಂದದ್ದು ಇರಬಹುದು.

ಎರಡೂ ಕಡೆಯನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ಗಟ್ಟಿಯಾಗುತ್ತದೆ. ಒಂದೇ ಪ್ರಯೋಗದ ಒಂದೇ ಉತ್ತರದಿಂದ ಮಗುವಿನ ತಲೆಯಲ್ಲಿ ಏನಿದೆ ಎಂದು ಹೇಳಲಾಗದು. ತಪ್ಪು ಉತ್ತರದಲ್ಲಿ ತಿಳಿವು ಅಡಗಿರಬಹುದು. ಸರಿ ಉತ್ತರದಲ್ಲಿ ತಿಳಿವು ಇಲ್ಲದೆಯೂ ಇರಬಹುದು.

## ಹಾಗಾದರೆ ಹಂತ ಅನ್ನುವುದು ಇಲ್ಲವೇ?

ಇಲ್ಲಿ ಮೂರು ನಿಲುವುಗಳಿವೆ.

ಮೊದಲನೆಯದು ಕಾಯುವವರ ನಿಲುವು. ಹಂತ ಬಂದ ಮೇಲೆ ಕಲಿಸಿ, ಅದಕ್ಕೂ ಮುಂಚೆ ಕಲಿಸಿದರೆ ಮಗು ಮಾತನ್ನು ಮಾತ್ರ ಕಲಿಯುತ್ತದೆ ಎಂದು ಅವರು ಹೇಳುತ್ತಾರೆ. ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅರ್ಥವಿಲ್ಲದೆ ‘ಎರಡೂ ಒಂದೇ’ ಎಂದು ಹೇಳಲು ಕಲಿಸುವುದು ಬಹಳ ಸುಲಭ.

ಎರಡನೆಯದು ಹಂತವೇ ಬೇಡ ಎನ್ನುವವರದು. ಅವರ ಬಲವಾದ ಸಾಕ್ಷಿ ಟೆಡ್ಡಿಯಲ್ಲ, ಸ್ವತಃ ಪಿಯಾಜೆಯ ಫಲಿತಾಂಶಗಳೇ. ಹಂತ ಎಂದರೆ ಇಡೀ ಯೋಚನೆಯ ರೀತಿಯೇ ಬದಲಾಗುವುದು ಎಂದಿದ್ದರೆ ಎಲ್ಲ ಬಗೆಯ ಸಂರಕ್ಷಣೆಯೂ ಒಟ್ಟಿಗೆ ಬರಬೇಕಿತ್ತು. ಹಾಗೆ ಆಗುವುದಿಲ್ಲ. ಸಂಖ್ಯೆಯದು ಸುಮಾರು 6–7ಕ್ಕೆ ಬರುತ್ತದೆ. ಮಣ್ಣಿನ ಉಂಡೆಯನ್ನು ಉದ್ದ ಮಾಡಿದರೂ ಮಣ್ಣು ಅಷ್ಟೇ ಎಂಬುದು 7–8ರ ಹೊತ್ತಿಗೆ. ಅದರ ತೂಕವೂ ಅಷ್ಟೇ ಎಂಬುದು 9–10ಕ್ಕೆ. ನೀರಿನಲ್ಲಿ ಮುಳುಗಿಸಿದರೆ ಅದು ಅಷ್ಟೇ ಜಾಗ ಹಿಡಿಯುತ್ತದೆ ಎಂಬುದು 11ರ ಆಸುಪಾಸಿಗೆ. ಅಂದರೆ ಮಣ್ಣು ಬದಲಾಗಿಲ್ಲ ಎಂದು ಖಡಾಖಂಡಿತ ಹೇಳುವ 8 ವರ್ಷದ ಮಗುವೇ ತೂಕ ಬದಲಾಯಿತು ಎನ್ನಬಹುದು. ಈ ಹಿಂದುಮುಂದನ್ನು ಪಿಯಾಜೆ ತಾವೇ ಗುರುತಿಸಿ ಹೆಸರಿಟ್ಟಿದ್ದರು, ಆದರೆ ಅದಕ್ಕೆ ಅವರು ಕೊಟ್ಟ ವಿವರಣೆ ತೃಪ್ತಿ ಕೊಡುವಂಥದ್ದಲ್ಲ. ಈಗ ಹೇಳಿ, ಆ ಮಗು ಯಾವ ಹಂತದಲ್ಲಿದೆ?

ಮೂರನೆಯ ನಿಲುವು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಸೀಗ್ಲರ್ ಅವರದು. ಈ ಜಗಳದಿಂದ ಹೊರಬರುವ ಹೆಚ್ಚು ಉಪಯೋಗದ ದಾರಿ ಇದೇ ಎನ್ನಬೇಕು. ಅವರು ಒಂದೇ ಮಗುವನ್ನು ಒಂದು ಸಲ ನೋಡಿ ಬಿಡಲಿಲ್ಲ. ಅದೇ ಮಗುವಿಗೆ ಹಲವು ದಿನ, ಹಲವು ಲೆಕ್ಕ ಕೊಟ್ಟು ಪ್ರತಿ ಲೆಕ್ಕಕ್ಕೂ ‘ಹೇಗೆ ಗೊತ್ತಾಯಿತು?’ ಎಂದು ಕೇಳಿದರು. ಆಗ ಕಂಡದ್ದು ಮೆಟ್ಟಿಲಲ್ಲ. ಒಂದೇ ಮಗು ಒಂದು ಲೆಕ್ಕಕ್ಕೆ ಉದ್ದ ನೋಡುತ್ತದೆ, ಇನ್ನೊಂದಕ್ಕೆ ಎಣಿಸುತ್ತದೆ, ಮತ್ತೊಂದಕ್ಕೆ ‘ನೀವು ಸರಿಸಿದಿರಿ ಅಷ್ಟೇ’ ಎನ್ನುತ್ತದೆ. ಹಳೆಯ ದಾರಿ, ಹೊಸ ದಾರಿ ಎರಡೂ ಒಟ್ಟಿಗೆ ಇರುತ್ತವೆ. ಹೊಸದರ ಬಳಕೆ ನಿಧಾನವಾಗಿ ಜಾಸ್ತಿಯಾಗುತ್ತದೆ, ಹಳೆಯದರದ್ದು ಕಡಿಮೆಯಾಗುತ್ತದೆ. ಸೀಗ್ಲರ್ ಇದನ್ನು ಒಂದರ ಮೇಲೊಂದು ಬರುವ ಅಲೆಗಳಿಗೆ ಹೋಲಿಸಿದರು.

ಹಾಗಾದರೆ 5 ವರ್ಷಕ್ಕೂ 8 ವರ್ಷಕ್ಕೂ ವ್ಯತ್ಯಾಸವೇ ಇಲ್ಲ ಎಂದಲ್ಲ. ವ್ಯತ್ಯಾಸ ಇದೆ, ದೊಡ್ಡದಾಗಿಯೇ ಇದೆ. ಅದು ನಡೆಯುವ ರೀತಿ ಮಾತ್ರ ಪುಸ್ತಕದ ಕೋಷ್ಟಕದಂತೆ ಇಲ್ಲ. ಫ್ರಾನ್ಸ್‌ನ ಮನೋವಿಜ್ಞಾನಿ ಒಲಿವಿಯೆ ಹುಡೆ ಇದಕ್ಕೆ ಇನ್ನೊಂದು ಎಳೆ ಸೇರಿಸಿದರು. ‘ಉದ್ದ ಇದ್ದರೆ ಜಾಸ್ತಿ’ ಎಂಬುದು ಹೆಚ್ಚಿನ ಸಂದರ್ಭಗಳಲ್ಲಿ ನಿಜವೇ ತಾನೆ? ಆದ್ದರಿಂದ ಅದು ಬಹಳ ಬಲವಾದ ಅಭ್ಯಾಸ. ಬಟನ್ ಪ್ರಶ್ನೆಯಲ್ಲಿ ಸರಿ ಉತ್ತರ ಹೇಳಲು ಹೊಸ ತಿಳಿವು ಬಂದರಷ್ಟೇ ಸಾಲದು, ಆ ಹಳೆಯ ಅಭ್ಯಾಸವನ್ನು ಆ ಕ್ಷಣಕ್ಕೆ ತಡೆಹಿಡಿಯಬೇಕು. ತಿಳಿದಿದ್ದೂ ತಪ್ಪು ಹೇಳುವ ಮಕ್ಕಳು ಯಾಕಿದ್ದಾರೆ ಎಂಬುದಕ್ಕೆ ಇದು ಒಂದು ಉತ್ತರ.

## ಮೂರು ಮಕ್ಕಳು, ಒಂದೇ ತಪ್ಪು

ಇದೆಲ್ಲ ತರಗತಿಯಲ್ಲಿ ಏನನ್ನು ಬದಲಿಸುತ್ತದೆ? ಒಂದು ಕಲ್ಪಿತ ಸಂದರ್ಭ ನೋಡೋಣ. ಬಟನ್ ಪ್ರಶ್ನೆಗೆ ಮೂರು ಮಕ್ಕಳೂ ಉದ್ದದ ಸಾಲನ್ನೇ ತೋರಿಸಿದ್ದಾರೆ. ಕೋಷ್ಟಕದ ಪ್ರಕಾರ ಮೂವರೂ ಕಾರ್ಯಪೂರ್ವ ಹಂತದವರು, ಮೂವರಿಗೂ ಒಂದೇ ಚಟುವಟಿಕೆ. ಶಿಕ್ಷಕಿ ಪಿಯಾಜೆಯ ಹಾಗೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ‘ಹೇಗೆ ಗೊತ್ತಾಯಿತು?’

ಮೊದಲ ಮಗು ಕೈ ಚಾಚಿ ‘ನೋಡಿ, ಇಲ್ಲಿವರೆಗೂ ಇದೆ’ ಎನ್ನುತ್ತದೆ. ಎಣಿಸುವ ಯೋಚನೆಯೇ ಅದಕ್ಕೆ ಬಂದಿಲ್ಲ.

ಎರಡನೆಯ ಮಗುವಿಗೆ ಎಣಿಸು ಎಂದರೆ ಎಣಿಸುತ್ತದೆ. ‘ಇಲ್ಲಿ ಆರು, ಅಲ್ಲೂ ಆರು’ ಎನ್ನುತ್ತದೆ. ‘ಹಾಗಾದರೆ ಯಾವುದರಲ್ಲಿ ಜಾಸ್ತಿ?’ ಎಂದರೆ ಮತ್ತೆ ಉದ್ದದ ಸಾಲನ್ನೇ ತೋರಿಸುತ್ತದೆ. ಎಣಿಕೆ ಗೊತ್ತು, ಆದರೆ ಹೋಲಿಸುವಾಗ ಎಣಿಕೆಯನ್ನೇ ನಂಬಬೇಕು ಎಂಬುದು ಗೊತ್ತಿಲ್ಲ. ದೊಡ್ಡವರಿಗೆ ಇದು ವಿಚಿತ್ರ ಅನಿಸಬಹುದು. ಚಿಕ್ಕ ತರಗತಿಗಳಲ್ಲಿ ಇದು ಸಾಮಾನ್ಯ.

ಮೂರನೆಯ ಮಗು ಮೊದಲು ಶಿಕ್ಷಕಿಯ ಮುಖ ನೋಡುತ್ತದೆ. ‘ನೀವು ಇದನ್ನು ಸರಿಸಿದಿರಲ್ಲ, ಅದಕ್ಕೆ...’ ಎಂದು ಅರ್ಧಕ್ಕೇ ನಿಲ್ಲಿಸುತ್ತದೆ.

ಮೊದಲ ಮಗುವಿಗೆ ಬೇಕಾದದ್ದು ಉದ್ದವೂ ಸಂಖ್ಯೆಯೂ ಜಗಳವಾಡುವ ಸಾಲುಗಳು. ಏಳು ಬಟನ್‌ಗಳನ್ನು ಒತ್ತೊತ್ತಾಗಿ ಇಟ್ಟ ಗಿಡ್ಡ ಸಾಲು, ಐದನ್ನು ದೂರ ದೂರ ಇಟ್ಟ ಉದ್ದ ಸಾಲು. ‘ಯಾವುದರಲ್ಲಿ ಜಾಸ್ತಿ?’ ಎಂದು ಕೇಳಿ, ಆಮೇಲೆ ಒಂದಕ್ಕೊಂದು ಜೋಡಿಸಿ ನೋಡಲು ಬಿಡಬೇಕು. ಗಿಡ್ಡ ಸಾಲಿನಲ್ಲಿ ಎರಡು ಜೊತೆಯಿಲ್ಲದೆ ಉಳಿಯುತ್ತವೆ. ಉದ್ದವನ್ನು ನಂಬಿದ್ದಕ್ಕೆ ಕಣ್ಣೆದುರೇ ಪೆಟ್ಟು ಬೀಳುತ್ತದೆ. ಮನೋವಿಜ್ಞಾನಿ ರೊಶೆಲ್ ಗೆಲ್ಮನ್ 1969ರಲ್ಲಿ 5 ವರ್ಷದ ಮಕ್ಕಳಿಗೆ ಕಲಿಸಿದ್ದು ಈ ತತ್ವದ ಮೇಲೆಯೇ. ಉದ್ದ, ಅಂತರ, ಜೋಡಣೆ ಎಲ್ಲವನ್ನೂ ಬದಲಿಸುತ್ತಾ, ಪ್ರತಿ ಸಲವೂ ಸರಿಯೋ ತಪ್ಪೋ ಎಂದು ಹೇಳುತ್ತಾ ಹೋದಾಗ ಮಕ್ಕಳು ಸಂಖ್ಯೆಯ ಮೇಲೆ ಗಮನ ಇಡಲು ಕಲಿತರು. ಕಾಯುವವರ ವಾದಕ್ಕೆ ಇದು ದೊಡ್ಡ ಏಟು. ವಯಸ್ಸು ಬದಲಾಗಿರಲಿಲ್ಲ, ಉತ್ತರ ಬದಲಾಗಿತ್ತು.

ಇದೇ ಚಟುವಟಿಕೆ ಎರಡನೆಯ ಮಗುವಿಗೆ ಅಷ್ಟು ಸಹಾಯ ಮಾಡದು. ಅದಕ್ಕೆ ಎಣಿಕೆಗೂ ತೀರ್ಮಾನಕ್ಕೂ ನಡುವೆ ಸೇತುವೆ ಬೇಕು. ಇಲ್ಲಿ ಸೀಗ್ಲರ್ ಅವರ 1995ರ ಅಧ್ಯಯನ ಬಹಳ ಉಪಯೋಗದ್ದು. ಸಂಖ್ಯೆಯ ಸಂರಕ್ಷಣೆ ಬಾರದ 5 ವರ್ಷದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಉತ್ತರ ಸರಿಯೋ ತಪ್ಪೋ ಎಂದಷ್ಟೇ ಹೇಳಿದರು. ಇನ್ನೊಂದಕ್ಕೆ ಮೊದಲು ‘ನೀನು ಹಾಗೆ ಯಾಕೆ ಹೇಳಿದೆ?’ ಎಂದು ಕೇಳಿ, ಆಮೇಲೆ ಸರಿ ತಪ್ಪು ಹೇಳಿದರು. ಮೂರನೆಯ ಗುಂಪಿಗೆ ಸರಿ ಉತ್ತರ ಹೇಳಿ, ‘ನನಗೆ ಅದು ಹೇಗೆ ಗೊತ್ತಾಯಿತು ಅಂತ ನಿನಗೆ ಅನಿಸುತ್ತದೆ?’ ಎಂದು ಕೇಳಿದರು. ಹೆಚ್ಚು ಕಲಿತದ್ದು ಮೂರನೆಯ ಗುಂಪು.

ಕಾರಣ ಹೀಗಿರಬೇಕು. ತನ್ನ ತಪ್ಪು ಉತ್ತರವನ್ನು ವಿವರಿಸುವ ಮಗು ಹಳೆಯ ದಾರಿಯನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತದೆ, ‘ಉದ್ದ ಇದೆ ಅದಕ್ಕೆ’. ಬೇರೆಯವರ ಸರಿ ಉತ್ತರವನ್ನು ವಿವರಿಸಲು ಹೊರಟ ಮಗು ಹೊಸ ಕಾರಣವನ್ನು ತಾನೇ ಹುಡುಕಬೇಕಾಗುತ್ತದೆ. ಆದ್ದರಿಂದ ‘ಹೇಗೆ ಗೊತ್ತಾಯಿತು?’ ಎಂಬುದು ಮಗು ಎಲ್ಲಿದೆ ಎಂದು ತಿಳಿಯಲು ಒಳ್ಳೆಯ ಪ್ರಶ್ನೆ, ಕಲಿಸಲು ಅಷ್ಟು ಒಳ್ಳೆಯದಲ್ಲ. ಕಲಿಸಲು ‘ನಾನು ಎರಡೂ ಒಂದೇ ಅಂತೀನಿ. ಯಾಕೆ ಹಾಗಂತೀನಿ, ಹೇಳು ನೋಡೋಣ?’ ಎಂಬುದು ಹೆಚ್ಚು ಕೆಲಸ ಮಾಡುತ್ತದೆ. ಈ ಎರಡರ ವ್ಯತ್ಯಾಸ ಪಾಠ ಯೋಜನೆಗಳಲ್ಲಿ ಕಾಣುವುದು ಅಪರೂಪ.

ಮೂರನೆಯ ಮಗುವಿಗೆ ಬಹುಶಃ ಕಲಿಸಬೇಕಾದದ್ದೇ ಕಡಿಮೆ. ಬದಲಾಗಬೇಕಾದದ್ದು ಪ್ರಶ್ನೆ ಕೇಳುವ ರೀತಿ. ಒಂದೇ ಸಲ ಕೇಳಬಹುದು. ಇಲ್ಲವೇ ಪ್ರಶ್ನೆಗೆ ನಿಜವಾದ ಅಗತ್ಯ ಹುಟ್ಟಿಸಬಹುದು. ಆರು ಡಬ್ಬಿ, ಆರು ಮುಚ್ಚಳ ಜೋಡಿಸಿ ನೋಡಿಯಾಗಿದೆ. ಮುಚ್ಚಳಗಳನ್ನು ತೆಗೆದು ಮೇಜಿನ ತುಂಬ ಹರಡಿ, ‘ಎಲ್ಲ ಡಬ್ಬಿಗೂ ಸಾಕಾಗುತ್ತಾ, ಇನ್ನೂ ತರಬೇಕಾ?’ ಎಂದು ಕೇಳಿದರೆ ಮಗು ಮುಖ ನೋಡಿ ಉತ್ತರ ಊಹಿಸುವ ಅಗತ್ಯ ಬೀಳುವುದಿಲ್ಲ.

## ಕಲಿತಿದೆ ಎಂದು ತಿಳಿಯುವುದು ಹೇಗೆ?

ಕೆಲವು ದಿನದ ನಂತರ ಮೂವರೂ ‘ಎರಡೂ ಒಂದೇ’ ಎನ್ನುತ್ತಾರೆ ಎಂದುಕೊಳ್ಳಿ. ಶಿಕ್ಷಕಿಗೆ ಖುಷಿಯಾಗುವುದು ಸಹಜ. ಆದರೆ ಕಾಯುವವರ ಎಚ್ಚರಿಕೆ ನೆನಪಾಗಬೇಕಾದದ್ದು ಈಗಲೇ. ಮಕ್ಕಳು ಸರಿ ಉತ್ತರದ ರಾಗವನ್ನು ಬಹಳ ಬೇಗ ಹಿಡಿಯುತ್ತಾರೆ.

ಇದನ್ನು ಪತ್ತೆ ಮಾಡಲು ಮೂರ್ ಮತ್ತು ಫ್ರೈ ತೋರಿಸಿದ ದಾರಿಯೇ ಸಾಕು. ಸಾಲನ್ನು ಸರಿಸುವಾಗ ಒಂದು ಸಲ ಎಲ್ಲರಿಗೂ ಕಾಣುವಂತೆ ಒಂದು ಬಟನ್ ಸೇರಿಸಿ. ಆಗಲೂ ‘ಒಂದೇ’ ಎಂದರೆ ಮಗು ಕಲಿತಿರುವುದು ಘೋಷಣೆ. ಒಂದು ಸಲ ಸಾಲನ್ನು ಹತ್ತಿರ ತಂದು ಗಿಡ್ಡ ಮಾಡಿ, ಅದಕ್ಕೇ ಒಂದು ಸೇರಿಸಿ. ಗಿಡ್ಡ ಸಾಲಿನಲ್ಲಿ ಜಾಸ್ತಿ ಇದೆ ಎಂದು ಮಗು ಹೇಳಿ, ‘ನೀವು ಒಂದು ಹಾಕಿದಿರಿ’ ಎಂದು ಕಾರಣವನ್ನೂ ಕೊಟ್ಟರೆ ಅದು ತಿಳಿವು.

ಇಷ್ಟಾದರೂ ಆರು ಬಟನ್‌ಗಳಲ್ಲಿ ಸಾಧಿಸಿದ್ದು ಇಪ್ಪತ್ತಕ್ಕೆ ತಾನಾಗಿ ಹೋಗುವುದಿಲ್ಲ. ಬಟನ್‌ನಿಂದ ನೀರಿಗೆ ಹೋಗುವುದು ಇನ್ನೂ ದೂರ. ನೀರನ್ನು ಎಣಿಸಲು ಆಗುವುದಿಲ್ಲವಲ್ಲ, ಬಟನ್‌ನಲ್ಲಿ ಕೈಹಿಡಿದ ದಾರಿ ಅಲ್ಲಿ ಸಿಗದು. ಒಂದರಲ್ಲಿ ಬಂದ ತಿಳಿವು ಇನ್ನೊಂದರಲ್ಲಿ ತಡವಾಗಿ ಬರುವುದಕ್ಕೆ ಇದೂ ಒಂದು ಸರಳ ಕಾರಣ.

## ತಪ್ಪು ತಿಳಿದರೆ ಆಗುವುದೇನು

ಕೋಷ್ಟಕವನ್ನು ಗೋಡೆಗೆ ಅಂಟಿಸಿಕೊಂಡ ಶಾಲೆಯಲ್ಲಿ ಎರಡು ಬಗೆಯ ಹಾನಿ ಆಗುತ್ತದೆ. ಒಂದು, ಮಗುವಿಗೆ ಸಾಧ್ಯವಾಗುವ ವಿಷಯವನ್ನೂ ‘ಇನ್ನೂ ವಯಸ್ಸಾಗಿಲ್ಲ’ ಎಂದು ಮುಂದೂಡುತ್ತಾರೆ. ಮನೋವಿಜ್ಞಾನಿ ಡೇನಿಯಲ್ ವಿಲಿಂಗ್‌ಹ್ಯಾಮ್ 2008ರಲ್ಲಿ ಎತ್ತಿದ ಆಕ್ಷೇಪ ಇದೇ. ಒಂದು ಪಾಠ ಮಕ್ಕಳಿಗೆ ಅರ್ಥವಾಗದಿದ್ದರೆ ಕಾರಣ ವಯಸ್ಸೇ ಇರಬೇಕಿಲ್ಲ. ಬೇಕಾದ ಹಿನ್ನೆಲೆ ಜ್ಞಾನ ಇಲ್ಲದಿರಬಹುದು, ಹೇಳಿದ ರೀತಿ ಸರಿಯಿಲ್ಲದಿರಬಹುದು. ‘ಹಂತ ಬಂದಿಲ್ಲ’ ಎಂದುಬಿಟ್ಟರೆ ಈ ಎರಡನ್ನೂ ಹುಡುಕುವುದೇ ಇಲ್ಲ.

ಇನ್ನೊಂದು, 8 ವರ್ಷಕ್ಕೂ ಆ ಪ್ರಶ್ನೆಗೆ ತಪ್ಪು ಹೇಳಿದ ಮಗುವಿನ ಮೇಲೆ ‘ಹಿಂದುಳಿದಿದೆ’ ಎಂಬ ಹಣೆಪಟ್ಟಿ ಬೀಳುತ್ತದೆ. ಹಂತಕ್ಕೆ ಬರೆದ ವಯಸ್ಸು ಸರಾಸರಿ. ಅದನ್ನು ಗಡುವು ಎಂದು ಓದುವುದು ತಪ್ಪು.

ಹಂತಗಳನ್ನು ಪೂರ್ತಿ ಎಸೆದವರಿಂದ ಬೇರೆ ಹಾನಿ. ಎಲ್ಲರಿಗೂ ಎಲ್ಲವನ್ನೂ ಯಾವಾಗ ಬೇಕಾದರೂ ಕಲಿಸಬಹುದು ಎಂದು ಹೊರಟರೆ ಚಿಕ್ಕ ಮಕ್ಕಳ ಕೈಗೆ ಅಭ್ಯಾಸದ ಹಾಳೆಗಳು ಬರುತ್ತವೆ. ಮಗು ಅಂಕಿ ಬರೆಯುತ್ತದೆ, ಸಾಲು ಸರಿಸಿದರೆ ಮತ್ತೆ ಉದ್ದವನ್ನೇ ತೋರಿಸುತ್ತದೆ. ಮಕ್ಕಳ ತಪ್ಪಿಗೆ ಒಂದು ಕ್ರಮ ಇದೆ ಎಂಬ ಪಿಯಾಜೆಯ ಗಟ್ಟಿ ಮಾತೂ ಹಂತದ ಜೊತೆಗೇ ಕಸದ ಬುಟ್ಟಿ ಸೇರುತ್ತದೆ.

ದೊಡ್ಡ ತರಗತಿಗಳಲ್ಲೂ ಈ ತೊಂದರೆ ಇದೆ. ಸುಮಾರು 11ರ ನಂತರ ಔಪಚಾರಿಕ ಕಾರ್ಯಗಳ ಹಂತ, ಅಂದರೆ ವಸ್ತು ಎದುರಿಗಿಲ್ಲದೆಯೂ ತರ್ಕಿಸುವ ಹಂತ, ಆದ್ದರಿಂದ ಇನ್ನು ವಸ್ತು, ಚಿತ್ರ ಏನೂ ಬೇಡ ಎಂದು ಕೆಲವರು ತಿಳಿಯುತ್ತಾರೆ. ಆದರೆ ದೊಡ್ಡವರಲ್ಲೂ ಅನೇಕರು ಗೊತ್ತಿಲ್ಲದ ವಿಷಯದಲ್ಲಿ ಹಾಗೆ ಯೋಚಿಸುವುದಿಲ್ಲ. ಪಿಯಾಜೆ ಸ್ವತಃ 1972ರಲ್ಲಿ ಇದನ್ನು ಒಪ್ಪಿ, ಜನ ತಮಗೆ ಒಲವಿರುವ, ಪಳಗಿದ ಕೆಲಸದಲ್ಲೇ ಆ ಹಂತ ಮುಟ್ಟಬಹುದು ಎಂದರು.

## ಪ್ರಶ್ನೆಪತ್ರಿಕೆಯಲ್ಲಿ ಏನು ಬದಲಾಗಬೇಕು

ಮತ್ತೆ ಆ ಪರೀಕ್ಷೆಯ ಪ್ರಶ್ನೆಗೆ ಬರೋಣ. ‘ಮಗು ಯಾವ ಹಂತದಲ್ಲಿದೆ?’ ಎಂದು ಕೇಳಿದರೆ ವಿದ್ಯಾರ್ಥಿ ಹೆಸರು ಕಲಿಯುತ್ತಾನೆ. ಪ್ರಶ್ನೆ ಬದಲಾದರೆ ಓದುವ ರೀತಿಯೂ ಬದಲಾಗುತ್ತದೆ. ಅದೇ ಸನ್ನಿವೇಶವನ್ನು ಹೀಗೆ ಕೇಳಬಹುದು:

‘ಮಗು ಉದ್ದದ ಸಾಲನ್ನು ತೋರಿಸಿತು. ಈ ಉತ್ತರಕ್ಕೆ ಕನಿಷ್ಠ ಎರಡು ಬೇರೆ ಬೇರೆ ಕಾರಣಗಳನ್ನು ಬರೆಯಿರಿ. ಯಾವ ಕಾರಣ ನಿಜ ಎಂದು ತಿಳಿಯಲು ನೀವು ಮಗುವಿಗೆ ಮುಂದೆ ಏನು ಕೇಳುತ್ತೀರಿ, ಅಥವಾ ಸಾಲನ್ನು ಹೇಗೆ ಬದಲಿಸುತ್ತೀರಿ? ಒಂದೊಂದು ಕಾರಣಕ್ಕೂ ಒಂದೊಂದು ಚಟುವಟಿಕೆ ಸೂಚಿಸಿ. ಆ ಚಟುವಟಿಕೆ ಫಲ ಕೊಟ್ಟಿದೆ ಎಂದು ಯಾವುದನ್ನು ನೋಡಿ ಹೇಳುತ್ತೀರಿ?’

ಇದರಲ್ಲಿ ಹಂತದ ಜ್ಞಾನ ವ್ಯರ್ಥವಾಗುವುದಿಲ್ಲ. 5 ವರ್ಷದ ಮಗು ಉದ್ದಕ್ಕೆ ಅಂಟಿಕೊಳ್ಳುವ ಸಾಧ್ಯತೆ ಹೆಚ್ಚು ಎಂಬುದನ್ನು ಪಿಯಾಜೆಯನ್ನು ಓದಿದವರೇ ಮೊದಲು ಊಹಿಸುತ್ತಾರೆ. ಅದು ಮೊದಲ ಊಹೆ, ಪರೀಕ್ಷಿಸಿ ನೋಡಬೇಕಾದದ್ದು.

ಇಂಥ ಪ್ರಶ್ನೆಗೆ ಅಂಕ ಕೊಡುವುದು ಕಷ್ಟ, ಅದನ್ನು ಮುಚ್ಚಿಡುವಂತಿಲ್ಲ. ನಾಲ್ಕು ಆಯ್ಕೆಗಳ ಪ್ರಶ್ನೆಯನ್ನು ಯಂತ್ರವೂ ತಿದ್ದುತ್ತದೆ. ಇದನ್ನು ತಿದ್ದಲು ಓದುವ ಮನುಷ್ಯರೇ ಬೇಕು. ದೊಡ್ಡ ಪರೀಕ್ಷೆಗಳು ಹಂತದ ಹೆಸರನ್ನೇ ಕೇಳುತ್ತಾ ಬಂದಿರುವುದಕ್ಕೆ ಸಿದ್ಧಾಂತದ ಮೇಲಿನ ಪ್ರೀತಿಗಿಂತ ಇದೇ ದೊಡ್ಡ ಕಾರಣ ಇರಬಹುದು. ಅಂಥ ಕಡೆ ಒಂದು ಸಣ್ಣ ತಿದ್ದುಪಡಿ ಮಾಡಲು ಅಡ್ಡಿಯಿಲ್ಲ. ಆಯ್ಕೆಗಳಲ್ಲಿ ನಾಲ್ಕು ಹಂತಗಳ ಹೆಸರಿನ ಬದಲು ಶಿಕ್ಷಕಿ ಮುಂದೆ ಕೇಳಬಹುದಾದ ನಾಲ್ಕು ಪ್ರಶ್ನೆಗಳನ್ನು ಕೊಟ್ಟು, ‘ಮಗು ಎಣಿಕೆಯನ್ನು ನಂಬುತ್ತದೆಯೇ ಎಂದು ಇವುಗಳಲ್ಲಿ ಯಾವುದರಿಂದ ಗೊತ್ತಾಗುತ್ತದೆ?’ ಎಂದು ಕೇಳಿದರಾಯಿತು. ಅದನ್ನು ಯಂತ್ರವೂ ತಿದ್ದಬಹುದು.